ರಜಾ ಶಿಬಿರದ ಕ್ಯಾಪ್ಶನ್ ಬರೆಯುವ ಹುಡುಗರಿಗೆ

ಮಾರ್ಚ್ ತಿಂಗಳ ಒಂದು ಭಾನುವಾರ ನನ್ನ ತಂಗಿಯ ಮಗ ಮನೆಗೆ ಬಂದ. ಇಪ್ಪತ್ತನಾಲ್ಕರ ಹುಡುಗ. ಕಾಂಗಾ ಲೀಗಿನಲ್ಲಿ ಎರಡು ಮಳೆಗಾಲ ಆಡಿದ್ದಾನೆ, ಒಳ್ಳೆಯ ಆಫ್ ಸ್ಪಿನ್ನರ್. ಈಗ ಇಬ್ಬರು ಗೆಳೆಯರ ಜೊತೆ ಸೇರಿ ಉಪನಗರದಲ್ಲಿ ಎರಡು ನೆಟ್ಸ್ ಇರುವ ಜಾಗವನ್ನು ಬಾಡಿಗೆಗೆ ಹಿಡಿದು ಬೇಸಿಗೆ ರಜೆಯ ಕ್ರಿಕೆಟ್ ಶಿಬಿರ ಮಾಡಲು ಹೊರಟಿದ್ದಾನೆ. 'ಮಾವ, ಇಂಗ್ಲಿಷಿನಲ್ಲಿ, ಮರಾಠಿಯಲ್ಲಿ ಆಯ್ತು. ನಮ್ಮವರಿಗೆ ಕಳಿಸಲಿಕ್ಕೆ ಕನ್ನಡದಲ್ಲೂ ಒಂದು ಕ್ಯಾಪ್ಶನ್ ಬೇಕು' ಎಂದು ಫೋನ್ ಮುಂದೆ ಹಿಡಿದ. ಬ್ಯಾಟ್ ಎತ್ತಿ ನಿಂತ ಹುಡುಗನ ಚಿತ್ರ. ಅದರ ಕೆಳಗೆ: ಎಲ್ಲ ವಯಸ್ಸಿನವರಿಗೆ. ಅತಿ ಕಡಿಮೆ ಶುಲ್ಕ. ಟ್ರಯಲ್ಸ್ ಸದ್ಯದಲ್ಲೇ. ನಾಳಿನ ತಾರೆ ನೀವೇ!

ನಾನು ಎರಡು ಸಲ ಓದಿದೆ. ವಯಸ್ಸು, ಶುಲ್ಕ, ಟ್ರಯಲ್ಸ್ ಮೂರೂ ಅಲ್ಲಿದ್ದವು. ಆದರೆ ಯಾವ ವಯಸ್ಸು, ಎಷ್ಟು ಶುಲ್ಕ, ಯಾವ ದಿನ ಎಂಬುದು ಒಂದೂ ಇರಲಿಲ್ಲ. ಅವನಿಗೆ ಅಂದು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮುಂಬೈಯಲ್ಲಿ ಈಗ ಅವನಂಥ ಹುಡುಗರು ಬಹಳ ಮಂದಿ ಇದ್ದೀರಿ. ಆಟ ಬಿಟ್ಟಿರಲಾರದೆ, ಆಟದಲ್ಲೇ ಅನ್ನ ಹುಡುಕುತ್ತಾ ಶಿಬಿರ ನಡೆಸುತ್ತಿದ್ದೀರಿ. ನಿಮ್ಮ ಮೇಲೆ ನನಗೆ ಪ್ರೀತಿಯಿದೆ. ಅದಕ್ಕೇ ಈ ಚಿಂತೆ.

1984ರ ಬೇಸಿಗೆಯಲ್ಲಿ ಶಿವಾಜಿ ಪಾರ್ಕಿನಲ್ಲಿ ರಮಾಕಾಂತ್ ಆಚ್ರೇಕರ್ ಅವರ ರಜಾ ಶಿಬಿರ ನಡೆದಿತ್ತು. ಬಾಂದ್ರಾದಿಂದ ಒಬ್ಬ ಹನ್ನೊಂದು ವರ್ಷದ ಹುಡುಗನನ್ನು ಅವನ ಅಣ್ಣ ಅಜಿತ್ ಅಲ್ಲಿಗೆ ಕರೆತಂದ. ಮುಂದಿನದನ್ನು ಸಚಿನ್ ತೆಂಡೂಲ್ಕರ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಟ್ರಯಲ್ಸಿಗೆ ಯಾರು ಬೇಕಾದರೂ ಬರಬಹುದಿತ್ತು, ಸೇರಿಸಿಕೊಳ್ಳುವುದು ಬಿಡುವುದು ಆಚ್ರೇಕರ್ ಸರ್ ಅವರ ತೀರ್ಮಾನ. ಪ್ರವೇಶಕ್ಕೆ 65 ರೂಪಾಯಿ, ಆಮೇಲೆ ತಿಂಗಳಿಗೆ 10 ರೂಪಾಯಿ. ಹದಿನೈದರ ಒಳಗಿನವರಿಗೆ ಒಂದು ನೆಟ್, ಹದಿನೇಳರ ಒಳಗಿನವರಿಗೆ ಇನ್ನೊಂದು. ನೋಡಿ, ನೀವು ಇವತ್ತು ಕ್ಯಾಪ್ಶನ್ನಿನಲ್ಲಿ ಬರೆಯಬೇಕಾದ ಮೂರೂ ಸಂಗತಿಗಳು ಆ ಶಿಬಿರದಲ್ಲಿ ಸ್ಪಷ್ಟವಾಗಿದ್ದವು.

ಮೊದಲು ವಯಸ್ಸಿನ ಸಾಲನ್ನು ತೆಗೆದುಕೊಳ್ಳಿ. ನಮ್ಮ ಊರಿನ ಶಾಲೆಯಲ್ಲಿ ಹೆಡ್ಮಾಸ್ತರರು ಬರೆದದ್ದೇ ಜನ್ಮದಿನವಾಗಿತ್ತು. ನನ್ನ ಓರಗೆಯ ಎಷ್ಟೋ ಜನ ದಾಖಲೆಯಲ್ಲಿ ಜೂನ್ ಒಂದಕ್ಕೇ ಹುಟ್ಟಿದವರು. ಅದರಿಂದ ಯಾರಿಗೂ ಕೇಡಾಗಲಿಲ್ಲ. ಈಗ ಕಾಲ ಹಾಗಿಲ್ಲ. ಭಾರತೀಯ ಕ್ರಿಕೆಟ್ ಮಂಡಳಿ ಹದಿನಾರರ ಒಳಗಿನ ಹುಡುಗರ ಎಡಗೈ ಮಣಿಕಟ್ಟಿನ ಎಕ್ಸ್-ರೇ ತೆಗೆಸಿ, ಎಲುಬು ಎಷ್ಟು ಬಲಿತಿದೆ ಎಂದು ನೋಡಿ ವಯಸ್ಸು ಅಂದಾಜು ಮಾಡುತ್ತದೆ. ಸುಳ್ಳು ಜನನ ಪತ್ರ ಕೊಟ್ಟು ಸಿಕ್ಕಿಬಿದ್ದರೆ ಎರಡು ವರ್ಷ ಆಡುವಂತಿಲ್ಲ. ಹದಿನೈದರ ಹುಡುಗನಿಗೆ ಎರಡು ವರ್ಷವೆಂದರೆ ಹೆಚ್ಚುಕಡಿಮೆ ಅವನ ಇಡೀ ಕಿರಿಯರ ಕ್ರಿಕೆಟ್ಟೇ ಹೋದಂತೆ. 2020ರಲ್ಲಿ ಮಂಡಳಿಯೇ ಒಂದು ದಾರಿ ತೆರೆದಿತ್ತು. ತಪ್ಪು ವಯಸ್ಸು ಕೊಟ್ಟವರು ತಾವಾಗಿ ಬಂದು ಒಪ್ಪಿಕೊಂಡರೆ ಶಿಕ್ಷೆಯಿಲ್ಲ, ನಿಜವಾದ ವಯಸ್ಸಿನ ಗುಂಪಿನಲ್ಲಿ ಆಡಬಹುದು ಎಂದಿತ್ತು. ಅಷ್ಟರಮಟ್ಟಿಗೆ ಈ ರೋಗ ಬೆಳೆದಿತ್ತು. ಅದರ ಬೀಜ ಎಲ್ಲಿ ಬೀಳುತ್ತದೆ? ಇಂಥ ಶಿಬಿರಗಳಲ್ಲಿ, 'ಒಂದು ವರ್ಷ ಕಮ್ಮಿ ಬರೆಸಿಬಿಡಿ, ಹುಡುಗ ಮೇಲೆ ಬರುತ್ತಾನೆ' ಎಂದು ತಾಯ್ತಂದೆಯರ ಕಿವಿಯಲ್ಲಿ ಯಾರೋ ಹೇಳಿದಾಗ. ಆ ಯಾರೋ ನೀವಾಗಬೇಡಿ.

ಆದ್ದರಿಂದ ಬರೇ 'ಅಂಡರ್-14' ಎಂದು ಬರೆಯಬೇಡಿ. ಯಾವ ದಿನಕ್ಕೆ ಹದಿನಾಲ್ಕರ ಒಳಗೆ? ಮೇ ತಿಂಗಳಲ್ಲಿ ಹದಿನಾಲ್ಕು ತುಂಬುವ ಹುಡುಗ ಏಪ್ರಿಲಿನಲ್ಲಿ ಸೇರಿದರೆ ಯಾವ ಗುಂಪು? ಮಂಡಳಿ ಸೆಪ್ಟೆಂಬರ್ 1ನ್ನು ಗಡಿ ಮಾಡಿಕೊಂಡು ಲೆಕ್ಕ ಹಾಕುತ್ತದೆ. ನೀವೂ ಒಂದು ದಿನಾಂಕ ಇಟ್ಟುಕೊಳ್ಳಿ, ಇಂಥ ದಿನ ಅಥವಾ ಆ ಮೇಲೆ ಹುಟ್ಟಿದವರು ಎಂದು ಬರೆಯಿರಿ, ಜನನ ಪತ್ರದ ಪ್ರತಿ ಕೇಳಿ. ಇನ್ನೊಂದು ಮಾತು. ಮೇಲಿನ ಗಡಿ ಮಾತ್ರ ಬರೆದರೆ ಸಾಲದು, ಕೆಳಗಿನದೂ ಬೇಕು. ಅಂಡರ್-14 ಎಂದರೆ ಎಂಟರ ಮಗುವೂ ಬರುತ್ತದೆ. ದೊಡ್ಡವರ ಸೀಸನ್ ಬಾಲ್ ಕಡಿಮೆಯೆಂದರೂ 156 ಗ್ರಾಂ ತೂಗುತ್ತದೆ. ಹದಿಮೂರರ ಒಳಗಿನವರಿಗೆ ನಿಯಮದಲ್ಲೇ ಬೇರೆ ಚೆಂಡಿದೆ, 133ರಿಂದ 144 ಗ್ರಾಂ. ಮೀಸೆ ಮೂಡುತ್ತಿರುವ ಹುಡುಗ ದೊಡ್ಡ ಚೆಂಡನ್ನು ಜೋರಾಗಿ ಎಸೆಯುವಾಗ ಎದುರಿನ ಎಂಟರ ಮಗು ಏನು ಕಲಿಯುತ್ತದೆ? ಕಾಲು ಲೆಗ್ ಸೈಡಿಗೆ ಹಿಂದೆ ಸರಿಯುವುದನ್ನು ಕಲಿಯುತ್ತದೆ. ಒಮ್ಮೆ ಆ ಅಭ್ಯಾಸ ಹತ್ತಿದರೆ ಬಿಡಿಸಲು ಎರಡು ಬೇಸಿಗೆ ಬೇಕು. ಯಾವ ಗುಂಪಿಗೆ ಯಾವ ಚೆಂಡು ಎಂಬುದನ್ನು ಕ್ಯಾಪ್ಶನ್ನಿನಲ್ಲೇ ಹೇಳಿ. ತಿಳಿದ ತಂದೆ ಅದೊಂದು ಸಾಲನ್ನು ನೋಡಿಯೇ ಮಗನನ್ನು ಕಳಿಸುತ್ತಾನೆ.

ಶುಲ್ಕದ ಸಾಲಿನಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ಏಕೆಂದರೆ ಅಲ್ಲಿಯೇ ಒಳ್ಳೆಯ ಹುಡುಗರು ದಾರಿ ತಪ್ಪುವುದನ್ನು ಕಂಡಿದ್ದೇನೆ.

ನಾನು ಫೋರ್ಟಿನ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದಾಗ ಭಾನುವಾರಗಳಲ್ಲಿ ನಮ್ಮ ತಂಡಕ್ಕೆ ಸ್ಕೋರ್ ಬರೆಯುತ್ತಿದ್ದೆ. ಆಜಾದ್ ಮೈದಾನದಲ್ಲಿ ಒಂದರ ಬೆನ್ನಿಗೆ ಒಂದು ಪಿಚ್, ಪಕ್ಕದ ಪಂದ್ಯದ ಫೀಲ್ಡರ್ ನಮ್ಮ ಪಾಯಿಂಟಿನ ಹತ್ತಿರ ನಿಂತಿರುತ್ತಿದ್ದ. ಅಲ್ಲಿ ಕೂತು ಒಂದೊಂದು ಎಸೆತಕ್ಕೂ ಚುಕ್ಕಿ ಇಡುವ ಅಭ್ಯಾಸ ಕೈಗೆ ಹತ್ತಿತು. ಕೆಲವು ವರ್ಷಗಳ ಹಿಂದೆ ಮೊಮ್ಮಗನನ್ನು ಒಂದು ಬೇಸಿಗೆ ಶಿಬಿರಕ್ಕೆ ಸೇರಿಸಿದಾಗ ಒಂದು ದಿನ ಬೇಲಿಯಾಚೆ ಕಲ್ಲುಬೆಂಚಿನ ಮೇಲೆ ಕೂತು ಚೀಟಿಯಲ್ಲಿ ಅವನಿಗೆ ಸಿಕ್ಕ ಚೆಂಡುಗಳಿಗೆ ಚುಕ್ಕಿ ಇಟ್ಟೆ. ಬೆಳಗ್ಗೆ ಏಳಕ್ಕೆ ಪ್ಯಾಡ್ ಕಟ್ಟಿಕೊಂಡವನು ಎಂಟೂವರೆಯ ತನಕ ಸಾಲಿನಲ್ಲಿ ನಿಂತಿದ್ದ. ಬಿಸಿಲೇರುತ್ತಿತ್ತು, ಹೆಲ್ಮೆಟ್ಟಿನೊಳಗಿಂದ ಬೆವರು ಕತ್ತಿಗೆ ಇಳಿಯುತ್ತಿತ್ತು. ಕೊನೆಗೆ ಒಳಗೆ ಹೋಗಿ ಹೊರಗೆ ಬಂದ. ನನ್ನ ಚೀಟಿಯಲ್ಲಿ ಹನ್ನೊಂದು ಚುಕ್ಕಿಗಳಿದ್ದವು. ಅದರಲ್ಲಿ ಮೂರು ವೈಡ್. 'ಅಜ್ಜ, ಚೆನ್ನಾಗಿ ಆಡಿದೆನಾ?' ಎಂದು ಕೇಳಿದ. ಅವನಿಗೆ ಏನು ಹೇಳಲಿ?

ಅಳಿಯನ ಮುಂದೆಯೂ ಅದೇ ಲೆಕ್ಕ ಬಿಡಿಸಿಟ್ಟೆ. ಅವನ ಯೋಜನೆ ಹೀಗಿತ್ತು: ಒಂದು ಬ್ಯಾಚಿಗೆ 40 ಮಕ್ಕಳು, ಎರಡು ನೆಟ್ಸ್, ದಿನಕ್ಕೆ ಎರಡು ಗಂಟೆ, ವಾರಕ್ಕೆ ಆರು ದಿನದಂತೆ ನಾಲ್ಕು ವಾರ, ಶುಲ್ಕ 4,800 ರೂಪಾಯಿ. ಎರಡು ಗಂಟೆಯೆಂದರೆ 120 ನಿಮಿಷ. ಅದರಲ್ಲಿ ಓಟ, ಮೈ ಬಿಸಿ ಮಾಡುವುದು 20 ನಿಮಿಷ. ಕ್ಯಾಚ್, ಥ್ರೋ, ಫೀಲ್ಡಿಂಗಿಗೆ 30 ನಿಮಿಷ. ಉಳಿದದ್ದು 70. ಎರಡು ನೆಟ್ ಸೇರಿ 140 ನಿಮಿಷದ ಬ್ಯಾಟಿಂಗ್. ನಲವತ್ತು ಮಕ್ಕಳಿಗೆ ಹಂಚಿದರೆ ತಲಾ ಮೂರೂವರೆ ನಿಮಿಷ. ನಾಲ್ಕು ಜನ ಸರದಿಯಲ್ಲಿ ಎಸೆದರೆ ನಿಮಿಷಕ್ಕೆ ಮೂರು ಚೆಂಡು ಬರುತ್ತವೆ. ಅಂದರೆ ಒಬ್ಬ ಮಗುವಿಗೆ ದಿನಕ್ಕೆ ಹತ್ತು ಚೆಂಡು, ಹೆಚ್ಚೆಂದರೆ ಹನ್ನೊಂದು. ಇಪ್ಪತ್ತನಾಲ್ಕು ದಿನಕ್ಕೆ ಸುಮಾರು 250. ಒಂದು ಚೆಂಡಿಗೆ 19 ರೂಪಾಯಿ ಬಿತ್ತು. ಇದರಲ್ಲಿ ಪ್ಯಾಡ್ ಕಟ್ಟುವ ಬಿಚ್ಚುವ ಹೊತ್ತನ್ನು ನಾನು ಹಿಡಿದೇ ಇಲ್ಲ.

ಹುಡುಗ ಸುಮ್ಮನಾದ. 'ನಾನು ಹೀಗೆ ಎಣಿಸಿರಲೇ ಇಲ್ಲ ಮಾವ' ಎಂದ. ಅವನು ಮೋಸ ಮಾಡಲು ಹೊರಟವನಲ್ಲ. ನೆಲದ ಬಾಡಿಗೆ, ಚೆಂಡಿನ ಬೆಲೆ, ಇಬ್ಬರು ಜೊತೆಗಾರರ ಪಾಲು, ಇಷ್ಟನ್ನು ಕೂಡಿಸಿ ಎಷ್ಟು ಮಕ್ಕಳು ಬೇಕು ಎಂದು ಲೆಕ್ಕ ಹಾಕಿದ್ದ. ಎಷ್ಟು ಮಕ್ಕಳಿಗೆ ಕಲಿಸಬಹುದು ಎಂದು ಹಾಕಿರಲಿಲ್ಲ. ನೀವು ಎರಡನೆಯ ಲೆಕ್ಕವನ್ನು ಮೊದಲು ಮಾಡಿ. ಅದೇ ಎರಡು ನೆಟ್ಸಿನಲ್ಲಿ ಬ್ಯಾಚಿಗೆ ಇಪ್ಪತ್ತು ಮಕ್ಕಳಾದರೆ ತಲಾ ಏಳು ನಿಮಿಷ, 21 ಚೆಂಡು, ತಿಂಗಳಿಗೆ ಐನೂರು. ಇಪ್ಪತ್ತು ಮಕ್ಕಳನ್ನು ಬೆಳಗ್ಗೆ, ಇನ್ನಿಪ್ಪತ್ತು ಮಕ್ಕಳನ್ನು ಸಂಜೆ ಕರೆಯಿರಿ. ನೆಲದ ಬಾಡಿಗೆ ಹೆಚ್ಚಾಗುತ್ತದೆ, ನಿಮ್ಮ ಮೈನೋವೂ ಹೆಚ್ಚಾಗುತ್ತದೆ, ಬಲ್ಲೆ. ಬೇಕಿದ್ದರೆ ಶುಲ್ಕ ಐನೂರು ಹೆಚ್ಚು ಬರೆಯಿರಿ, ಆದರೆ ಪಕ್ಕದಲ್ಲೇ 'ಒಂದು ನೆಟ್ಟಿಗೆ ಹತ್ತೇ ಮಕ್ಕಳು' ಎಂದೂ ಬರೆಯಿರಿ. 'ಅತಿ ಕಡಿಮೆ ಶುಲ್ಕ' ಎಂಬ ಮಾತಿಗಿಂತ ಅದು ನೂರು ಪಾಲು ಬೆಲೆಯುಳ್ಳದ್ದು.

ಶುಲ್ಕದಲ್ಲಿ ಏನು ಸೇರಿದೆ, ಏನಿಲ್ಲ ಎಂಬುದೂ ಅದೇ ಸಾಲಿನಲ್ಲಿ ಇರಲಿ. ಟೀ-ಶರ್ಟಿಗೆ ಬೇರೆ, ಕೊನೆಯ ದಿನದ ಪಂದ್ಯಕ್ಕೆ ಬೇರೆ, ಪ್ರಮಾಣ ಪತ್ರಕ್ಕೆ ಬೇರೆ ಎಂದು ವಾರಕ್ಕೊಂದು ಸಲ ಕೈ ಚಾಚಬೇಡಿ. ಕಿಟ್ ಇಂಥ ಅಂಗಡಿಯಲ್ಲೇ ಕೊಳ್ಳಿ ಎಂದು ಹೇಳಿ ಅಂಗಡಿಯವನಿಂದ ಪಾಲು ತೆಗೆದುಕೊಳ್ಳುವ ಚಾಳಿ ನಿಮ್ಮ ಹತ್ತಿರ ಸುಳಿಯದಿರಲಿ. ತಿಂಗಳ ಮಟ್ಟಿಗೆ ಆಡಲು ಬಂದ ಮಗುವಿಗೆ ಹೊಸ ಇಂಗ್ಲಿಷ್ ವಿಲೋ ಬ್ಯಾಟ್ ಬೇಡ, ಮಗುವಿನ ಎತ್ತರಕ್ಕೆ ಸರಿಯಾದ ಹಗುರ ಬ್ಯಾಟ್ ಬೇಕು. 'ಬೆಳೆಯುತ್ತಾನಲ್ಲ' ಎಂದು ಅಪ್ಪ ದೊಡ್ಡ ಅಳತೆಯದನ್ನು ತಂದರೆ ಬೇಡವೆನ್ನುವ ಧೈರ್ಯ ನಿಮಗಿರಬೇಕು.

ನಮ್ಮ ಮೂಲ್ಕಿಯ ಬುಧಿ ಕುಂದರನ್ ಈ ಮುಂಬೈಯಲ್ಲೇ ಬೆಳೆದವರು. ಭರ್ದಾ ಹೈಸ್ಕೂಲಿನ ಹುಡುಗ. ಆಡಲು ಬಿಳಿ ಬಟ್ಟೆಯಿರಲಿಲ್ಲ, ಅಪ್ಪನಿಗೆ ಆಟ ಇಷ್ಟವಿರಲಿಲ್ಲ. ತಾಯಿ ಗುಟ್ಟಾಗಿ ಅಪ್ಪನ ಬಟ್ಟೆಯನ್ನೇ ಕತ್ತರಿಸಿ ಮಗನಿಗೆ ಹೊಲಿದುಕೊಟ್ಟರು. ಅದನ್ನು ತೊಟ್ಟು ಹುಡುಗ ಇನ್ನೂರರ ಮೇಲೆ ಹೊಡೆದ. 1960ರ ಜನವರಿಯಲ್ಲಿ ಬ್ರೇಬೋರ್ನ್ ಮೈದಾನದಲ್ಲಿ ಆಸ್ಟ್ರೇಲಿಯಾ ಎದುರು ಮೊದಲ ಟೆಸ್ಟ್ ಆಡಲು ಇಳಿದಾಗಲೂ ಕೈಯಲ್ಲಿದ್ದದ್ದು ನರೇನ್ ತಮ್ಹಾನೆಯವರಿಂದ ಎರವಲು ತಂದ ಕೀಪಿಂಗ್ ಗ್ಲೌಸ್. ತೆಂಡೂಲ್ಕರ್ ಕೂಡ 1984ರ ಆ ಬೇಸಿಗೆಯಲ್ಲಿ ಒಂದೇ ಜೊತೆ ಆಟದ ಬಟ್ಟೆಯವರು. ಬೆಳಗ್ಗೆ ಆಡಿ ಬಂದು ಒಗೆದು ಬಿಸಿಲಿಗೆ ಹಾಕಿ, ಸಂಜೆ ಅದನ್ನೇ ಹಾಕಿಕೊಂಡು 315ನೆಯ ನಂಬರಿನ ಬಸ್ಸಿನಲ್ಲಿ ಮತ್ತೆ ಶಿವಾಜಿ ಪಾರ್ಕಿಗೆ. ಪ್ಯಾಂಟಿನ ಜೇಬುಗಳು ಮಾತ್ರ ಒಣಗುತ್ತಿರಲಿಲ್ಲವಂತೆ. ಹೀಗಿರುವಾಗ 'ಪೂರ್ಣ ಕಿಟ್ ಕಡ್ಡಾಯ' ಎಂದು ನೀವು ಬರೆದರೆ, ಹೋಟೆಲಿನಲ್ಲಿ ದುಡಿಯುವ ನಮ್ಮವರ ಮಕ್ಕಳು ಬಾಗಿಲಿನಿಂದಲೇ ವಾಪಸು ಹೋಗುತ್ತಾರೆ. ಶಿಬಿರದ ಕಿಟ್ ಎರಡು ಜೊತೆ ಇಟ್ಟುಕೊಳ್ಳಿ, ಹೆಲ್ಮೆಟ್ ಮತ್ತು ಗಾರ್ಡ್ ಮಾತ್ರ ಪ್ರತಿಯೊಬ್ಬರಿಗೂ ಬೇಕೇ ಬೇಕು ಎನ್ನಿ.

ನಮ್ಮವರ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೇ ತಿಂಗಳೆಂದರೆ ಮುಂಬೈ ಕನ್ನಡಿಗರು ಊರಿಗೆ ಹೋಗುವ ಕಾಲ. ಮದುವೆ, ಗೃಹಪ್ರವೇಶ, ಅಜ್ಜಿಮನೆ. ನಾಲ್ಕು ವಾರದ ಹಣ ಕಟ್ಟಿ ಎರಡೇ ವಾರಕ್ಕೆ ಉಡುಪಿಯ ರೈಲು ಹತ್ತಿದ ಮಗುವಿನ ಉಳಿದ ಹಣ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ಹೇಳದ ಶಿಬಿರಗಳಲ್ಲಿ ಪ್ರತಿ ವರ್ಷ ಜಗಳ. ಎರಡು ವಾರದ ಶುಲ್ಕವನ್ನೂ ಬೇರೆಯಾಗಿ ಬರೆದುಬಿಡಿ, ಮನಸ್ತಾಪ ಉಳಿಯುವುದಿಲ್ಲ.

ಇನ್ನು ಟ್ರಯಲ್ಸ್. ಹಣ ಕಟ್ಟಿದವರನ್ನೆಲ್ಲ ಸೇರಿಸಿಕೊಳ್ಳುವ ಶಿಬಿರದಲ್ಲಿ ಆಯ್ಕೆಯ ಮಾತೇ ಇಲ್ಲ, ಯಾವ ಮಗು ಯಾವ ಗುಂಪಿಗೆ ಎಂದು ವಿಂಗಡಿಸುವುದಷ್ಟೇ. ಹಾಗಿದ್ದರೆ ಹಾಗೆಂದೇ ಬರೆಯಿರಿ. ಆಯ್ಕೆಯ ನಾಟಕ ಮಾಡಿ, 'ನಿಮ್ಮ ಮಗ ಸೆಲೆಕ್ಟ್ ಆಗಿದ್ದಾನೆ' ಎಂದು ಫೋನ್ ಮಾಡಿ ಹಣ ಕೇಳುವುದು ಮಗುವಿನ ಸಂತೋಷವನ್ನು ಮಾರಿಕೊಂಡಂತೆ. ಟ್ರಯಲ್ಸಿಗೇ ಶುಲ್ಕ ಹಾಕಬೇಡಿ. 'ಮುಂಬೈ ತಂಡಕ್ಕೆ ದಾರಿ' ಎಂಬ ಮಾತನ್ನಂತೂ ತಪ್ಪಿಯೂ ಬರೆಯಬೇಡಿ. ಮುಂಬೈಯ ಕಿರಿಯರ ತಂಡವನ್ನು ಆರಿಸುವುದು ಮುಂಬೈ ಕ್ರಿಕೆಟ್ ಸಂಸ್ಥೆಯ ಆಯ್ಕೆಗಾರರು. ಯಾವ ಶಿಬಿರದವರ ಕೈಯಲ್ಲೂ ಅದಿಲ್ಲ. ಇಲ್ಲಿ ಮಕ್ಕಳು ಕಣ್ಣಿಗೆ ಬೀಳುವುದು ಹೆಚ್ಚಾಗಿ ಶಾಲೆಯ ಆಟದಿಂದ, ಗೈಲ್ಸ್ ಶೀಲ್ಡ್ ಮತ್ತು ಹ್ಯಾರಿಸ್ ಶೀಲ್ಡ್‌ನಿಂದ. ಮಂಗಳೂರು ಮೂಲದ ರವಿ ಶಾಸ್ತ್ರಿ ಮಾಟುಂಗಾದ ಡಾನ್ ಬಾಸ್ಕೊ ಶಾಲೆಯ ನಾಯಕನಾಗಿ 1977ರಲ್ಲಿ ಗೈಲ್ಸ್ ಶೀಲ್ಡ್ ಗೆದ್ದರು, ಆ ಶಾಲೆಗೆ ಅದೇ ಮೊದಲ ಗೆಲುವು. ತಂದೆತಾಯಿ ಬಂದು ಕೇಳಿದರೆ ಶಾಲೆಯ ತಂಡದ ಬಗ್ಗೆ ಹೇಳಿ ಕಳಿಸಿ, ಅದು ನಿಜವಾದ ದಾರಿ.

1984ರ ಆ ಟ್ರಯಲ್ಸ್ ಏನಾಯಿತು ಗೊತ್ತೇ? ಹುಡುಗ ಅದುವರೆಗೆ ನೆಟ್ಸಿನಲ್ಲಿ ಆಡಿದವನೇ ಅಲ್ಲ. ಸುತ್ತ ಜನ, ಕಣ್ಣೆದುರು ಸರ್. ಕೈಕಾಲು ಆಡಲಿಲ್ಲ. ಇನ್ನೂ ಚಿಕ್ಕವನು, ಆಮೇಲೆ ಕರೆದುಕೊಂಡು ಬಾ ಎಂದು ಆಚ್ರೇಕರ್ ಅಜಿತನಿಗೆ ಹೇಳಿದರು. ಅಜಿತ್ ಬಿಡಲಿಲ್ಲ. ನೀವು ನೋಡುತ್ತಿದ್ದೀರಿ ಎಂದು ಹೆದರಿದ್ದಾನೆ, ಹೊರಟುಹೋದಂತೆ ಮಾಡಿ ದೂರದಿಂದ ನೋಡಿ ಎಂದು ಕೇಳಿಕೊಂಡ. ಸರ್ ಒಪ್ಪಿ ಮರದ ಹಿಂದೆ ನಿಂತರು. ಹುಡುಗ ನಿರಾಳವಾಗಿ ಹೊಡೆಯತೊಡಗಿದ. ಸೇರಿಸಿಕೊಂಡರು. ಅಷ್ಟು ದೊಡ್ಡ ಗುರುವಿನ ಕಣ್ಣೂ ಮೊದಲ ನೋಟಕ್ಕೆ ತಪ್ಪಿತ್ತು. ಆದರೆ ಎರಡನೆಯ ಸಲ ನೋಡುವ ಮನಸ್ಸು ಅವರಿಗಿತ್ತು.

ನಿಮ್ಮ ಟ್ರಯಲ್ಸಿನಲ್ಲಿ ಆರು ಚೆಂಡು ಕೊಟ್ಟು, ಔಟಾದರೆ ಹೆಸರು ಹೊಡೆದುಹಾಕಬೇಡಿ. ಹನ್ನೆರಡು ಚೆಂಡು ಕೊಡಿ. ಅದಕ್ಕೆ ನಾಲ್ಕು ನಿಮಿಷ, ನಲವತ್ತು ಮಕ್ಕಳನ್ನು ಎರಡು ನೆಟ್ಸಿನಲ್ಲಿ ಎಂಬತ್ತು ನಿಮಿಷದಲ್ಲಿ ನೋಡಿ ಮುಗಿಸಬಹುದು. ಮೊದಲ ನಾಲ್ಕು ಚೆಂಡನ್ನು ಲೆಕ್ಕಕ್ಕೇ ಹಿಡಿಯಬೇಡಿ, ಅವು ಹೆದರಿಕೆ ಕಳೆಯಲಿಕ್ಕೆ. ಆಮೇಲೆ ಹೊಡೆತ ಎಷ್ಟು ದೂರ ಹೋಯಿತು ಎಂದು ನೋಡಬೇಡಿ. ಟರ್ಫಿನಲ್ಲಿ ಟೆನಿಸ್ ಬಾಲ್ ಆಡಿದ ಹುಡುಗರೆಲ್ಲ ದೂರ ಹೊಡೆಯುತ್ತಾರೆ. ಚೆಂಡು ಬೌಲರನ ಕೈ ಬಿಡುವಾಗ ಇವನ ತಲೆ ಅಲುಗಾಡುತ್ತದೆಯೇ, ಕಾಲು ಚೆಂಡಿನ ಕಡೆಗೆ ಹೋಗುತ್ತದೆಯೇ, ತಪ್ಪಿದ ಮೇಲೆ ಮುಂದಿನ ಚೆಂಡಿಗೆ ಏನಾದರೂ ಬದಲಿಸಿದನೇ ಎಂದು ನೋಡಿ. ಬೌಲರಿಗೆ ಎರಡು ಓವರ್ ಕೊಡಿ. ಇಬ್ಬರು ಬೇರೆ ಬೇರೆ ಕೂತು ಬರೆದುಕೊಳ್ಳಿ, ಆಮೇಲೆ ಕೂಡಿಸಿ ನೋಡಿ.

ಅಂದು ಸಂಜೆಯ ತನಕ ಕೂತು ಇಬ್ಬರೂ ಬರೆದ ಕ್ಯಾಪ್ಶನ್ ಇದು:

'ಬೇಸಿಗೆ ರಜೆ ಕ್ರಿಕೆಟ್ ಶಿಬಿರ. ನಾಲ್ಕು ವಾರ, ಸೋಮವಾರದಿಂದ ಶನಿವಾರ. ಕಿರಿಯರು: 9ರಿಂದ 12 ವರ್ಷ, ಹಗುರ ಚೆಂಡು, ಬೆಳಗ್ಗೆ 7ರಿಂದ 9. ಹಿರಿಯರು: 13ರಿಂದ 16 ವರ್ಷ, ಸೀಸನ್ ಬಾಲ್, ಸಂಜೆ 4.30ರಿಂದ 6.30. ವಯಸ್ಸಿನ ಲೆಕ್ಕ ಸೆಪ್ಟೆಂಬರ್ 1ಕ್ಕೆ, ಜನನ ಪತ್ರದ ಪ್ರತಿ ತನ್ನಿ. ಪ್ರತಿ ಬ್ಯಾಚಿಗೆ 20 ಮಕ್ಕಳು, ಎರಡು ನೆಟ್ಸ್. ಶುಲ್ಕ 5,300 ರೂಪಾಯಿ, ಚೆಂಡು ಮತ್ತು ಕೊನೆಯ ಪಂದ್ಯ ಸೇರಿ. ಊರಿಗೆ ಹೋಗುವವರಿಗೆ ಎರಡು ವಾರಕ್ಕೆ 2,800. ಹೆಲ್ಮೆಟ್, ಗಾರ್ಡ್ ಕಡ್ಡಾಯ. ಬ್ಯಾಟ್, ಪ್ಯಾಡ್ ಇಲ್ಲದವರಿಗೆ ಶಿಬಿರದ್ದು. ಟ್ರಯಲ್ಸ್ ಏಪ್ರಿಲ್ ಎರಡನೆಯ ಭಾನುವಾರ ಬೆಳಗ್ಗೆ 7ಕ್ಕೆ, ಶುಲ್ಕವಿಲ್ಲ.'

ಹುಡುಗ ಓದಿ, 'ಉದ್ದವಾಯಿತಲ್ಲ ಮಾವ' ಎಂದ. ಚಿತ್ರ ಚಿಕ್ಕದು ಮಾಡು ಎಂದೆ. ನಗುತ್ತಾ ಚಿಕ್ಕದು ಮಾಡಿದ. ಆಮೇಲೆ ಸ್ವಲ್ಪ ಹೊತ್ತು ಫೋನ್ ಹಿಡಿದುಕೊಂಡೇ ಕೂತಿದ್ದ. 'ಎರಡನೆಯ ಸಲ ನೋಡಬೇಕಾದರೆ ಇನ್ನೊಂದು ಬೆಳಗಿನ ಬಾಡಿಗೆ ಕೊಡಬೇಕಾಗುತ್ತದೆ' ಎಂದು ತನ್ನಷ್ಟಕ್ಕೆ ಹೇಳಿಕೊಂಡ. ನಾನು ಏನೂ ಹೇಳಲಿಲ್ಲ. ಅವನ ಬೆರಳು ಮತ್ತೆ ಕೆಳಗೆ ಹೋಗಿ ಒಂದು ಸಾಲು ಸೇರಿಸಿತು: 'ಅಂದು ಸರಿಯಾಗಿ ಆಡಲಾಗದವರು ಮುಂದಿನ ಭಾನುವಾರ ಮತ್ತೆ ಬನ್ನಿ.'